ಕೈ ಎತ್ತುವಾಗ ಚೆಂಡು ಬಟ್ಟಲಲ್ಲೇ ಇರಬೇಕು

ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಜೀನ್ಸ್ ಕೆಲಸದವರು ತುಂಬಾ ಜನ ಬರುತ್ತಾರೆ. ಹೊಲಿಯುವವರಿಗೆ ಕುತ್ತಿಗೆ ನೋವು ಜಾಸ್ತಿ. ತೊಳೆದ ಪ್ಯಾಂಟುಗಳನ್ನು ತಂತಿಗೆ ಒಣಹಾಕುವವರಿಗೆ ಭುಜದ ನೋವು. ಒಣಹಾಕುವ ಕೆಲಸ ಮಾಡುವ, ಐವತ್ತರ ಹತ್ತಿರದ ಒಬ್ಬ ಅಕ್ಕನ ಭುಜವನ್ನು ಹೇಗೆ ನೋಡಿದೆ, ಏನು ಮಾಡಿಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

"ಕೈ ಇಲ್ಲೀಮಟ ಬರ್ತೈತ್ರಿ, ಆಮ್ಯಾಲೆ ಚುಳ್ ಅಂತೈತಿ. ಅದನ್ನ ದಾಟಿದ್ರ ಮತ್ತ ಅಷ್ಟಿಲ್ಲ" ಅಂದರು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಕೈ ಪಕ್ಕಕ್ಕೆ ಎತ್ತಿದಾಗ ಸುಮಾರು 60 ಡಿಗ್ರಿಯಿಂದ 120 ಡಿಗ್ರಿವರೆಗೆ ಮಾತ್ರ ನೋವು. ನಾನು ಅವರ ಹಿಂದೆ ನಿಂತು ಇನ್ನೊಮ್ಮೆ ಎರಡೂ ಕೈ ಎತ್ತಲು ಹೇಳಿದೆ. ಬಲಗೈ ಅರ್ಧ ದಾರಿಗೆ ಬರುವ ಮೊದಲೇ ಬಲಭುಜ ಕಿವಿಯ ಕಡೆ ಏರಿತು. ಎಡಗಡೆ ಹಾಗಾಗಲಿಲ್ಲ. ನೋವು ಎಷ್ಟು ಅನ್ನುವುದಕ್ಕಿಂತ ಈ ಏರುವಿಕೆಯನ್ನೇ ನಾನು ಮುಖ್ಯವಾಗಿ ಗಮನಿಸುತ್ತೇನೆ.

ಯಾಕೆ ಅಂದರೆ, ಭುಜದ ಕೀಲಿನಲ್ಲಿ ತೋಳಿನ ಎಲುಬಿನ ತುದಿ ಒಂದು ಚೆಂಡು. ಅದು ಕೂರುವ ಬಟ್ಟಲು ಹೆಗಲ ಎಲುಬಿನಲ್ಲಿದೆ, ಆದರೆ ತೀರಾ ಆಳವಿಲ್ಲ. ಯಾವ ಹೊತ್ತಿಗೂ ಚೆಂಡಿನ ಮೂರನೇ ಒಂದು ಭಾಗ ಕೂಡ ಅದರೊಳಗೆ ಪೂರ್ತಿ ಇರುವುದಿಲ್ಲ. ಸೊಂಟದ ಕೀಲಿನ ಹಾಗೆ ಎಲುಬೇ ಹಿಡಿದುಕೊಳ್ಳುತ್ತದೆ ಅನ್ನುವಂತಿಲ್ಲ. ಕೈ ಎತ್ತುವ ದೊಡ್ಡ ಸ್ನಾಯು ಡೆಲ್ಟಾಯ್ಡ್, ಭುಜದ ಹೊರಗಡೆ ಗುಂಡಗೆ ಕಾಣುವುದು. ಕೈ ಕೆಳಗಿದ್ದಾಗ ಇದು ಎಳೆಯುವ ದಿಕ್ಕು ಹೆಚ್ಚುಕಡಿಮೆ ನೇರ ಮೇಲಕ್ಕೆ. ಇದೊಂದೇ ಎಳೆದರೆ ಕೈ ಪಕ್ಕಕ್ಕೆ ಏಳುವ ಬದಲು ಚೆಂಡೇ ಮೇಲಕ್ಕೆ ಜಾರುತ್ತದೆ. ಮೇಲೆ ಅಕ್ರೋಮಿಯಾನ್ ಅನ್ನುವ ಎಲುಬಿನ ಚಾವಣಿ ಇದೆ. ನಡುವಿನ ಜಾಗ ಸುಮಾರು ಒಂದು ಸೆಂಟಿಮೀಟರ್, ಅದರಲ್ಲೇ ಸ್ನಾಯುವಿನ ಹುರಿಯೂ ಹೋಗಬೇಕು.

ಚೆಂಡು ಜಾರದಂತೆ ಹಿಡಿಯುವುದು ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳು. ಮುಂದೆ ಸಬ್‌ಸ್ಕ್ಯಾಪುಲಾರಿಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮೇಲೆ ಸುಪ್ರಾಸ್ಪೈನೇಟಸ್. ಮುಂದಿನದೂ ಹಿಂದಿನವೂ ಒಟ್ಟಿಗೆ ಎಳೆದಾಗ ಚೆಂಡು ಬಟ್ಟಲಿನ ಒಳಕ್ಕೆ, ಸ್ವಲ್ಪ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಮಲಗಿದ ಏಣಿಯನ್ನು ಎತ್ತಿ ನಿಲ್ಲಿಸುವಾಗ ಒಬ್ಬರು ಬುಡಕ್ಕೆ ಕಾಲು ಕೊಟ್ಟು ನಿಲ್ಲುತ್ತಾರಲ್ಲ, ಅದೇ ಕೆಲಸ ಇದು. ಬುಡ ಜಾರಿದರೆ ಎತ್ತುವವನಿಗೆ ಎಷ್ಟು ಶಕ್ತಿ ಇದ್ದರೂ ಏಣಿ ಏಳುವುದಿಲ್ಲ.

ಕೈ ಎತ್ತುವ ಮೊದಲ 15 ಡಿಗ್ರಿ ಸುಪ್ರಾಸ್ಪೈನೇಟಸ್‌ದು, ಆಮೇಲೆ ಡೆಲ್ಟಾಯ್ಡ್‌ದು ಅಂತ ಹಳೆಯ ಪಾಠದಲ್ಲಿ ಇರುತ್ತದೆ. ಸ್ನಾಯುಗಳ ವಿದ್ಯುತ್ ಅಳತೆ ಮಾಡಿ ನೋಡಿದಾಗ ಹಾಗಿಲ್ಲ. ಎರಡೂ ಶುರುವಿನಿಂದ ಕೊನೆವರೆಗೂ ಕೆಲಸದಲ್ಲಿ ಇರುತ್ತವೆ. ಹಾಗಾಗಿ ಕಫ್ ಅಂದರೆ ಶುರು ಮಾಡಿಕೊಟ್ಟು ಸುಮ್ಮನಾಗುವ ಸ್ನಾಯು ಅಂತ ತಿಳಿಯಬಾರದು. ಕೈ ಮೇಲಿರುವಷ್ಟು ಹೊತ್ತೂ ಅದು ಹಿಡಿದೇ ಇರಬೇಕು. ತಂತಿಯ ಹತ್ತಿರ ಕೈ ಎತ್ತಿಕೊಂಡೇ ನಿಲ್ಲುವವರಿಗೆ ಅದು ದಣಿಯುವುದು ಇದಕ್ಕೇ.

ಅಕ್ಕನ ಭುಜದಲ್ಲಿ ಮೊದಲು ಎರಡು ಅನುಮಾನ ಕಳೆಯಬೇಕಿತ್ತು. ಒಂದು, ಕೀಲೇ ಬಿಗಿದಿದೆಯಾ ಅಂತ. ಅವರ ಕೈಯನ್ನು ಸಡಿಲ ಬಿಡಿಸಿ ನಾನೇ ಎತ್ತಿದೆ, ಹೊರಕ್ಕೆ ತಿರುಗಿಸಿದೆ. ಎರಡೂ ಸಲೀಸಾಗಿ ಬಂತು. ಫ್ರೋಜನ್ ಶೋಲ್ಡರ್ ಆಗಿದ್ದರೆ ನಾನು ತಿರುಗಿಸಿದರೂ ಬರುತ್ತಿರಲಿಲ್ಲ. ಎರಡನೆಯದು, ಹುರಿ ಹರಿದಿದೆಯಾ ಅಂತ. ಮೊಣಕೈ ಮಡಚಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಅಲ್ಲೇ ಇಟ್ಟುಕೊಳ್ಳಲು ಹೇಳಿ ಕೈ ಬಿಟ್ಟೆ. ನಿಂತಿತು. ದೊಡ್ಡದಾಗಿ ಹರಿದಿದ್ದರೆ ಮುಂಗೈ ತಾನಾಗಿ ಒಳಕ್ಕೆ ವಾಲುತ್ತದೆ.

ಆಮೇಲೆ ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ. ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಬಳೆಯಂತೆ ಗಂಟು ಹಾಕಿ ಅವರ ಎರಡೂ ಮಣಿಕಟ್ಟಿಗೆ ತೊಡಿಸಿದೆ. ಅಂಗೈ ಎದುರುಬದುರು. ಟ್ಯೂಬನ್ನು ಸ್ವಲ್ಪವೇ ಹೊರಕ್ಕೆ ಒತ್ತಿ ಹಿಡಿದುಕೊಂಡು ಎರಡೂ ಕೈ ಮುಂದಕ್ಕೆ ಎತ್ತಲು ಹೇಳಿದೆ. ಹೊರಕ್ಕೆ ಒತ್ತುವಾಗ ಹಿಂದಿನ ಎರಡು ಸ್ನಾಯುಗಳು ಎಚ್ಚರವಾಗುತ್ತವೆ. ಕೈ ಮೇಲೇರಿತು, ಭುಜ ಕಿವಿಗೆ ಏರಲಿಲ್ಲ, ಚುಳ್ ಅನ್ನುವುದು ಅರ್ಧಕ್ಕಿಂತ ಕಡಿಮೆಯಾಯಿತು. ಅವರೇ "ಏನ್ ಮಾಡಿದ್ರಿ ಡಾಕ್ಟ್ರೆ" ಅಂತ ಕೇಳಿದರು. ಯಾವ ಸ್ನಾಯುವಿಗೆ ಕೆಲಸ ಕೊಡಬೇಕು ಅಂತ ಗೊತ್ತಾಯಿತು. ಈ ಪರೀಕ್ಷೆಯಲ್ಲಿ ನೋವು ಒಂಚೂರೂ ಬದಲಾಗದಿದ್ದರೆ ನಾನು ಕುತ್ತಿಗೆಯನ್ನೂ ಹೆಗಲ ಎಲುಬಿನ ಚಲನೆಯನ್ನೂ ನೋಡುತ್ತೇನೆ.

ಅವರ ಮಗ ಜಿಮ್‌ಗೆ ಹೋಗುವ ಹುಡುಗ, ತಾಯಿಗೆ ಡಂಬೆಲ್ ಎತ್ತಿಸುತ್ತಿದ್ದ. ಅದನ್ನು ನಿಲ್ಲಿಸಿದೆ. ಎತ್ತುವ ಸ್ನಾಯುವಿಗೆ ಕೊರತೆ ಇರಲಿಲ್ಲ, ಹಿಡಿಯುವ ಸ್ನಾಯುವಿಗೆ ಇತ್ತು.

ಮೊದಲ ವ್ಯಾಯಾಮ ಕೈ ಕೆಳಗಿಟ್ಟುಕೊಂಡೇ. ಟ್ಯೂಬಿನ ಪಟ್ಟಿಯನ್ನು ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟುವುದು. ಟವೆಲ್ ಸುತ್ತಿ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟುಕೊಳ್ಳುವುದು. ಮೊಣಕೈ 90 ಡಿಗ್ರಿ ಮಡಚಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು, ಮೂರು ಎಣಿಸುತ್ತಾ ನಿಧಾನ ವಾಪಸ್ ಬರುವುದು. ಹನ್ನೆರಡು ಸಲ, ನಡುವೆ ವಿರಾಮ ಕೊಟ್ಟು ಮೂರು ಸುತ್ತು. ಆಮೇಲೆ ಇನ್ನೊಂದು ಕಡೆ ತಿರುಗಿ ನಿಂತು ಒಳಕ್ಕೆ ಎಳೆಯುವುದು, ಮುಂದಿನ ಸ್ನಾಯುವಿಗೆ. ಟವೆಲ್ ಸುಮ್ನೆ ಇಟ್ಟಿದ್ದಲ್ಲ. ಅದು ಬಿದ್ದರೆ ಮೊಣಕೈ ಪಕ್ಕಕ್ಕೆ ಸರಿಯಿತು, ಡೆಲ್ಟಾಯ್ಡ್ ನಡುವೆ ಬಂತು ಅಂತ ಅರ್ಥ. ದಣಿವು ಹೆಗಲ ಎಲುಬಿನ ಹಿಂದೆ ಆಗಬೇಕು. ಕುತ್ತಿಗೆಯ ಬುಡದಲ್ಲಿ ಆದರೆ ಟ್ಯೂಬು ಬಿಗಿ ಜಾಸ್ತಿ, ಇನ್ನೂ ತೆಳುವಾದ ಪಟ್ಟಿ ಬೇಕು. ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆಗೆ ಇಳಿದಿರಬೇಕು.

ಇದು ಹಗುರ ಅನ್ನಿಸಿದ ಮೇಲೆ ಗೋಡೆ. ಮಣಿಕಟ್ಟಿಗೆ ಅದೇ ಟ್ಯೂಬು, ಮುಂಗೈ ಗೋಡೆಗೆ ಒರಗಿಸಿ ಮೇಲಕ್ಕೆ ಜಾರಿಸುವುದು. ಮುಂದಿನ ವಾರಗಳಲ್ಲಿ ಗೋಡೆ ಬಿಟ್ಟು, ಕೈಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ. ಎತ್ತುವುದು ನೇರ ಪಕ್ಕಕ್ಕಲ್ಲ, ಅದಕ್ಕಿಂತ ಸುಮಾರು 30 ಡಿಗ್ರಿ ಮುಂದಕ್ಕೆ, ಹೆಬ್ಬೆರಳು ಮೇಲೆ. ಹೆಗಲ ಎಲುಬು ಬೆನ್ನಿನ ಮೇಲೆ ಅಷ್ಟು ಓರೆಯಾಗಿ ಕೂತಿದೆ, ಬಟ್ಟಲೂ ಆ ಕಡೆಗೇ ನೋಡುತ್ತದೆ. ಎಷ್ಟು ಎತ್ತರ ಅಂದರೆ, ಕನ್ನಡಿಯಲ್ಲಿ ಭುಜ ಕಿವಿಯ ಕಡೆ ಹೊರಡುವವರೆಗೆ ಮಾತ್ರ. ಅಲ್ಲಿಗೆ ಆ ದಿನದ ಗಡಿ.

ನೋವಿಗೆಲ್ಲ ಚೆಂಡು ಮೇಲೇರಿದ್ದೇ ಕಾರಣ ಅಂತ ನಾನು ಹೇಳುವುದಿಲ್ಲ. ವಯಸ್ಸು, ದುಡಿತ ಸೇರಿ ಹುರಿಯೇ ಸವೆದಿರುತ್ತದೆ. ಅದೂ ಹೊರೆಗೆ ನಿಧಾನವಾಗಿಯೇ ಗಟ್ಟಿಯಾಗುವುದು, ಹಾಗಾಗಿ ತಿಂಗಳುಗಟ್ಟಲೆ ಬೇಕು. ಬಿದ್ದ ಮೇಲೆ ಒಮ್ಮೆಲೇ ಕೈ ಎತ್ತಲಾಗದೆ ಹೋದವರಿಗೆ, ಎತ್ತಿಸಿ ಬಿಟ್ಟ ಕೈ ದಪ್ ಅಂತ ಬೀಳುವವರಿಗೆ ನಾನು ಟ್ಯೂಬು ಕೊಡುವುದಿಲ್ಲ. ಮೂಳೆ ಡಾಕ್ಟರ ಹತ್ತಿರ ಸ್ಕ್ಯಾನಿಗೆ ಕಳಿಸುತ್ತೇನೆ, ತಡ ಮಾಡಿದಷ್ಟೂ ಹರಿದ ಹುರಿ ಹಿಂದಕ್ಕೆ ಸರಿಯುತ್ತದೆ.

ಅಕ್ಕನ ಕೆಲಸದಲ್ಲೂ ಒಂದು ಬದಲಾವಣೆ ಮಾಡಿಸಿದೆವು. ಅವರ ಸಾಲಿನ ತಂತಿಯನ್ನು ಹಣೆಯ ಮಟ್ಟಕ್ಕೆ ಇಳಿಸಿ ಕಟ್ಟಿದರು. ಮೊದಲು ಅದು ತಲೆಗಿಂತ ಒಂದು ಗೇಣು ಮೇಲಿತ್ತು. ಎರಡು ತಿಂಗಳು ದಾಟಿದ ಮೇಲೆ ಒಂದು ಒದ್ದೆ ಪ್ಯಾಂಟು ನೋವಿಲ್ಲದೆ ಹಾಕುತ್ತಿದ್ದಾರೆ. ಎರಡನ್ನು ಒಟ್ಟಿಗೆ ಎತ್ತಿದರೆ ಭುಜ ಇನ್ನೂ ಏರುತ್ತದೆ. ಸದ್ಯಕ್ಕೆ ಒಂದೊಂದೇ ಹಾಕಿ ಅಂದಿದ್ದೇನೆ, ಮನೆಯಲ್ಲಿ ಬಾಟಲಿ ಒಂದು ಲೀಟರಿಗೆ ಬಂದಿದೆ.