ಸಿಂಕಿಗೆ ಪೌಡರ್ ಸುರಿದು ನಾನು ಪಟ್ಟ ಪಾಡು

ಯುಗಾದಿ ಮಾರನೇ ದಿನ ನಮ್ಮ ಅಡುಗೆಮನೆ ಸಿಂಕ್ ಕಟ್ಟಿಕೊಂಡಿತು. ಹಿಂದಿನ ದಿನ ಒಬ್ಬಟ್ಟು ಮಾಡಿದ್ದೆವು, ಎಣ್ಣೆ ಜಿಡ್ಡಿನ ಪಾತ್ರೆ, ಹೂರಣದ ಬಾಣಲೆ, ಬೇಳೆ ಬಸಿದ ಕಟ್ಟಿನ ಚರಟ, ಎಲ್ಲವೂ ಆ ಒಂದೇ ತೂತಿನಲ್ಲಿ ಇಳಿದಿತ್ತು. ನಾನು ಅಂಗಡಿಗೆ ಹೋಗಿ ಡ್ರೈನ್ ಪೌಡರಿನ 50 ಗ್ರಾಂನ ಎರಡು ಪ್ಯಾಕೆಟ್ ತಂದೆ.

ಪ್ಯಾಕೆಟ್ ಹಿಂದೆ ಬರೆದಿದ್ದನ್ನು ಓದಿದೆ, ಆದರೆ ಅರ್ಧ ಓದಿದೆ. ನಿಂತ ನೀರನ್ನು ಮಗ್‌ನಲ್ಲಿ ತೆಗೆದು, ಎರಡೂ ಪ್ಯಾಕೆಟ್ ಒಟ್ಟಿಗೆ ತೂತಿಗೆ ಸುರಿದು, ಅರ್ಧ ಲೋಟ ತಣ್ಣೀರು ಹಾಕಿದೆ. ಬುಸ್ಸೆಂದು ಸ್ವಲ್ಪ ನೊರೆ ಬಂತು, ನಿಂತುಹೋಯಿತು. ಅರ್ಧ ಗಂಟೆ ಕಾದೆ. ನೀರು ಒಂದು ಹನಿಯೂ ಇಳಿಯಲಿಲ್ಲ. ಜಿಡ್ಡು ಕರಗಲು ಬಿಸಿ ಬೇಕು ಅಲ್ವಾ ಅಂದುಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ತಂದು ಹಾಗೇ ಸುರಿದುಬಿಟ್ಟೆ. ದೊಡ್ಡ ತಪ್ಪು ಅದೇ.

ಆ ಪೌಡರಿನಲ್ಲಿ ಇರೋದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ಕೆಲವದರಲ್ಲಿ ಅಲ್ಯೂಮಿನಿಯಂನ ಸಣ್ಣ ಚೂರುಗಳೂ ಇರುತ್ತವೆ, ಬೂದು ಬಣ್ಣದ ಕಾಳುಗಳು ಹೊಳೆಯುತ್ತಿರುತ್ತವಲ್ಲ, ಅವು. ಕಾಸ್ಟಿಕ್ ನೀರಿನಲ್ಲಿ ಕರಗುವಾಗ ತಾನೇ ವಿಪರೀತ ಬಿಸಿಯಾಗುತ್ತದೆ, ಅಲ್ಯೂಮಿನಿಯಂ ಸೇರಿದರೆ ಇನ್ನಷ್ಟು ಬಿಸಿ, ಜೊತೆಗೆ ಹೈಡ್ರೋಜನ್ ಗ್ಯಾಸ್. ಮೊದಲೇ ಅಷ್ಟು ಬಿಸಿಯಾಗುವ ವಸ್ತುವಿನ ಮೇಲೆ ಕುದಿಯುವ ನೀರು ಬಿದ್ದರೆ ಅದು ಅಲ್ಲೇ ಉಕ್ಕಿ ಮೇಲಕ್ಕೆ ಚಿಮ್ಮುತ್ತದೆ. ನನಗೆ ಚಿಮ್ಮಿದ್ದು ಹಾಗೆ. ಪಕ್ಕದಲ್ಲಿ ಒಲೆ ಬೇರೆ ಉರಿಯುತ್ತಿತ್ತು. ಹೈಡ್ರೋಜನ್ ಹೊತ್ತಿಕೊಳ್ಳುವ ಗ್ಯಾಸ್ ಅನ್ನೋದು ಆಗ ತಲೆಗೇ ಹೊಳೆದಿರಲಿಲ್ಲ.

ಮುಖಕ್ಕೆ ಬಂದಿದ್ದು ಕನ್ನಡಕದ ಮೇಲೆ ಬಿತ್ತು. ಕನ್ನಡಕ ಇಲ್ಲದಿದ್ದರೆ ಈ ಕಥೆ ಬೇರೆ ಇರುತ್ತಿತ್ತು. ಬಲಗೈ ಮೇಲೆ ನಾಲ್ಕೈದು ಹನಿ ಬಿದ್ದವು. ಮೇಲೆದ್ದ ಹಬೆ ಗಂಟಲಿಗೆ ಹೋಗಿ ಕೆಮ್ಮು ಹಿಡಿಯಿತು. ಅದು ಬರೀ ನೀರಿನ ಹಬೆ ಅಲ್ಲ, ಕಾಸ್ಟಿಕ್ಕಿನ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಅದರಲ್ಲಿ ಸೇರಿರುತ್ತವೆ, ಮೂಗು ಗಂಟಲು ಉರಿಯೋದು ಅದಕ್ಕೇ. ಒಲೆ ಆರಿಸಿ, ಕಿಟಕಿ ತೆಗೆದು, ಎಲ್ಲರನ್ನೂ ಆಚೆ ಕಳಿಸಿದೆ.

ಕೈ ತೊಳೆಯುವಾಗ ಒಂದು ವಿಚಿತ್ರ ಗಮನಿಸಿದೆ. ಚರ್ಮ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಕಾಸ್ಟಿಕ್ ಚರ್ಮದ ಕೊಬ್ಬನ್ನೇ ಸೋಪು ಮಾಡುತ್ತಿರುವ ಗುರುತು ಅದು. ನೋವು ತಡವಾಗಿ ಶುರುವಾಗುತ್ತದೆ, ಹಾಗಾಗಿ ನಾವು ಏನೂ ಆಗಿಲ್ಲ ಅಂತ ಎರಡು ನಿಮಿಷಕ್ಕೇ ನಲ್ಲಿ ನಿಲ್ಲಿಸಿಬಿಡುತ್ತೇವೆ. ಅಮ್ಮ "ನಿಂಬೆಹಣ್ಣು ಹಿಂಡ್ಕೊಳೋ, ಸೋಡಾಗೆ ಹುಳಿನೇ ಮದ್ದು" ಅಂದರು. ಬೇಡ. ಗಾಯದ ಮೇಲೆ ಹುಳಿ ಹಾಕಿದರೆ ಅಲ್ಲೇ ಇನ್ನಷ್ಟು ಬಿಸಿ ಹುಟ್ಟುತ್ತದೆ, ತೊಳೆಯೋದೂ ತಡವಾಗುತ್ತದೆ. ಬಚ್ಚಲಿನ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದು ನಿಂತೆ, ಆಮೇಲೆ ಡಾಕ್ಟರಿಗೆ ತೋರಿಸಿದೆ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಆಸಿಡ್‌ಗಿಂತ ಇದು ಅಪಾಯ, ಯಾಕಂದರೆ ಇದು ಒಳಗೆ ಇಳಿಯುತ್ತಲೇ ಹೋಗುತ್ತದೆ.

ಇಷ್ಟಾದರೂ ಸಿಂಕ್ ಕಟ್ಟಿಕೊಂಡೇ ಇತ್ತು. ಈಗ ಅದರಲ್ಲಿ ಇದ್ದಿದ್ದು ಬರೀ ಕೊಳಕು ನೀರಲ್ಲ, ಕಾಸ್ಟಿಕ್ ನೀರು. ಪಕ್ಕದ ಮನೆಯವರು ಬಂದು "ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಿ ನೋಡಿ, ಕಿತ್ಕೊಂಡು ಹೋಗುತ್ತೆ" ಅಂದರು. ಪುಣ್ಯಕ್ಕೆ ಹೆಂಡತಿ ಬಾಟಲಿ ಕೊಡಲಿಲ್ಲ. ಕಾಸ್ಟಿಕ್ಕಿಗೆ ಆಸಿಡ್ ಸೇರಿದರೆ ಮತ್ತೆ ಅದೇ ಕುದಿತ, ಅದೇ ಚಿಮ್ಮುವಿಕೆ. ಆ ಪೈಪಿನಲ್ಲಿ ಬ್ಲೀಚ್ ಇದ್ದಿದ್ದರಂತೂ ಆಸಿಡ್ ಜೊತೆ ಸೇರಿ ಕ್ಲೋರಿನ್ ಗ್ಯಾಸ್ ಬರುತ್ತದೆ. ಪ್ಲಂಜರ್ ಒತ್ತೋಣ ಅಂತ ನನಗೂ ಅನ್ನಿಸಿತ್ತು. ಅದೂ ತಪ್ಪೇ, ಒತ್ತಿದ ಪ್ರತಿ ಸಲ ಆ ನೀರು ಮುಖಕ್ಕೆ ಸಿಡಿಯುತ್ತದೆ.

ಪ್ಲಂಬರ್ ಬಂದವನೇ ಬಗ್ಗುವ ಮೊದಲು ಕೇಳಿದ್ದು ಒಂದೇ ಮಾತು, "ಪೌಡರ್ ಹಾಕಿದ್ರಾ ಸರ್?" ಹೇಳದೆ ಬಿಟ್ಟ ಮನೆಯೊಂದರಲ್ಲಿ ಅವನ ಕೈ ಸುಟ್ಟಿತ್ತಂತೆ. ಉದ್ದನೆ ರಬ್ಬರ್ ಗ್ಲೌಸ್ ಹಾಕಿಕೊಂಡು, ನನ್ನನ್ನು ದೂರ ನಿಲ್ಲಿಸಿ, ಪ್ಲಾಸ್ಟಿಕ್ ಮಗ್‌ನಲ್ಲಿ ನಿಧಾನವಾಗಿ ನೀರು ಮೊಗೆದು ಬಕೆಟ್ಟಿಗೆ ಹಾಕಿದ. ಅಲ್ಯೂಮಿನಿಯಂ ಪಾತ್ರೆ ಬೇಡ ಅಂದ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಆಮೇಲೆ ಸಿಂಕ್ ಕೆಳಗೆ ಇನ್ನೊಂದು ಬಕೆಟ್ ಇಟ್ಟು, ಪೈಪಿನ ದಾರಿಯಲ್ಲಿ ಬಾಟಲಿಯ ಹಾಗೆ ಇಳಿಬಿದ್ದಿರುವ ಬಾಟಲ್ ಟ್ರ್ಯಾಪ್ ಬಿಚ್ಚಿದ.

ಒಳಗೆ ಕಂಡದ್ದು ನೋಡಿ ನನಗೆ ಬುದ್ಧಿ ಬಂತು. ಟ್ರ್ಯಾಪ್ ತಳದಲ್ಲಿ ಬಿಳಿ ಬೂದಿ ಬಣ್ಣದ ಗಟ್ಟಿ ಮುದ್ದೆ. ನೀರು ಸಾಲದೆ ಪೌಡರ್ ಪೂರ್ತಿ ಕರಗಿರಲಿಲ್ಲ, ಕರಗಿದ ಅಷ್ಟಿಷ್ಟು ಜಿಡ್ಡಿನ ಜೊತೆ ಸೇರಿ ಸೋಪಾಗಿ, ತಣ್ಣಗಾದ ಮೇಲೆ ಎಲ್ಲ ಸೇರಿ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಮೊದಲು ಕಟ್ಟಿದ್ದು ಬೇಳೆ ಚರಟ, ಈಗ ಅದರ ಮೇಲೆ ನಾನು ಕಟ್ಟಿದ ಕಲ್ಲು! ಅವನು ಕುಟ್ಟಲಿಲ್ಲ. ಬಕೆಟ್ ತುಂಬ ತಣ್ಣೀರು ಇಟ್ಟು ಅದರೊಳಗೆ ಮೆಲ್ಲಗೆ ಇಳಿಬಿಟ್ಟ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಹಾಕಬಾರದು. ಟ್ರ್ಯಾಪಿನಿಂದ ಗೋಡೆಗೆ ಹೋಗುವ ಸುರುಳಿ ಸುರುಳಿ ವೇಸ್ಟ್ ಪೈಪ್ ಬಿಸಿಗೆ ಮೆತ್ತಗಾಗಿ ಜೋತುಬಿದ್ದಿತ್ತು, ಅದನ್ನೂ ಬದಲಾಯಿಸಬೇಕಾಯಿತು.

ಅವನನ್ನು ನೋಡಿ ಕಲಿತಿದ್ದನ್ನೇ ಈಗ ನಾನೇ ಮಾಡುತ್ತೇನೆ, ಪೌಡರ್ ಹಾಕದ ಸಿಂಕಿಗೆ ಮಾತ್ರ. ಮೊದಲು ಯುಟಿಲಿಟಿಯ ನೆಲದಲ್ಲಿ ನೀರು ಹೋಗುವ ಜಾಲರಿ ತೂತಿಗೆ, ಅಂದರೆ ನಹಾನಿ ಟ್ರ್ಯಾಪಿಗೆ, ಒಂದು ಚೊಂಬು ನೀರು ಹಾಕಿ ನೋಡುತ್ತೇನೆ. ಅಲ್ಲೂ ನಿಂತರೆ ತೊಂದರೆ ಮುಂದೆ ಎಲ್ಲೋ ಇದೆ, ಅದು ನನ್ನ ಕೆಲಸ ಅಲ್ಲ, ಪ್ಲಂಬರ್‌ದು. ಅಲ್ಲಿ ಸರಾಗ ಹೋದರೆ ಸಾಮಾನ್ಯವಾಗಿ ಸಿಂಕ್ ಕೆಳಗಿನ ಟ್ರ್ಯಾಪಿನಲ್ಲೇ ಕಟ್ಟಿರುತ್ತದೆ. ಸಿಂಕಿನ ನೀರು ಮೊಗೆದು, ಬಕೆಟ್ ಇಟ್ಟು, ಟ್ರ್ಯಾಪಿನ ಕೆಳಗಿನ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚುತ್ತೇನೆ, ಸ್ಪ್ಯಾನರ್ ಬೇಡ, ಪ್ಲಾಸ್ಟಿಕ್ ಎಳೆ ಹೋಗುತ್ತದೆ. ವಾಸನೆ ಬರುತ್ತದೆ, ಅದಕ್ಕೇನೂ ಮಾಡೋಕಾಗಲ್ಲ. ಹಳೇ ಬ್ರಶ್ಶಿನಲ್ಲಿ ಉಜ್ಜಿ, ಬಿಸಿ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯುತ್ತೇನೆ. ಬಿಸಿ ಅಂದರೆ ಸ್ನಾನಕ್ಕೆ ಹಾಕಿಕೊಳ್ಳುವಷ್ಟು ಬಿಸಿ, ಕುದಿಯುವ ನೀರಿಗೆ ಪಿವಿಸಿ ಮೆತ್ತಗಾಗುತ್ತದೆ. ಟ್ರ್ಯಾಪ್ ಸ್ವಚ್ಛವಾಗಿದ್ದೂ ನೀರು ನಿಂತರೆ ಆಗ ಪ್ಲಂಜರ್. ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ಬಿಟ್ಟು, ಮೇಲಿನ ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ, ಹದಿನೈದು ಇಪ್ಪತ್ತು ಸಲ ಒತ್ತಬೇಕು. ಬಟ್ಟೆ ತುರುಕದಿದ್ದರೆ ಗಾಳಿಯೆಲ್ಲ ಆ ತೂತಿನಿಂದಲೇ ಹೊರಗೆ ಹೋಗಿಬಿಡುತ್ತದೆ. ಅಡುಗೆ ಸೋಡಾ ವಿನೆಗರ್ ನೊರೆಯ ಉಪಾಯವನ್ನೂ ಮಾಡಿ ನೋಡಿದ್ದೇನೆ, ನೋಡೋಕೆ ಚೆನ್ನಾಗಿದೆ, ಜಿಡ್ಡು ಅಲ್ಲಾಡಲಿಲ್ಲ.

ಮತ್ತೆ ಜೋಡಿಸುವಾಗ ರಬ್ಬರ್ ವಾಷರ್ ಮರೆಯಬೇಡಿ. ಮೊದಲ ಸಲ ನಾನು ಅದನ್ನು ತಲೆಕೆಳಗು ಹಾಕಿ, ರಾತ್ರಿಯೆಲ್ಲ ಹನಿ ಹನಿ ಸೋರಿ, ಬೆಳಿಗ್ಗೆ ಕೆಳಗಿಟ್ಟಿದ್ದ ಆಲೂಗಡ್ಡೆ ಚೀಲ ಒದ್ದೆಯಾಗಿತ್ತು. ಈಗ ಜೋಡಿಸಿದ ಮೇಲೆ ಒಣ ನ್ಯೂಸ್ ಪೇಪರ್ ಹಾಸಿ, ಸಿಂಕ್ ತುಂಬಿಸಿ ಒಮ್ಮೆಲೇ ಬಿಡುತ್ತೇನೆ. ಪೇಪರಿನ ಮೇಲೆ ಒಂದು ಚುಕ್ಕೆ ಕಂಡರೂ ಮತ್ತೆ ಬಿಚ್ಚುತ್ತೇನೆ.