ಬಸುರಿಗೂ ಬಾಣಂತಿಗೂ ಒಂದೇ ಕುರ್ತಿ: ಅಂಗಡಿಯಲ್ಲೇ ಎಳೆದು ನೋಡಿ

ಐದನೇ ತಿಂಗಳಿಗೆ ಹಳೇ ಕುರ್ತಿ ಬಿಗಿಯಾಗುತ್ತದೆ. ಗಾಂಧಿ ಬಜಾರಿಗೆ ಹೋಗಿ ಎರಡು ಸೈಜ್ ದೊಡ್ಡದು ತಂದರೆ ಹೊಟ್ಟೆಗೇನೋ ಸರಿ, ಭುಜ ಜಾರುತ್ತದೆ. ಹೆರಿಗೆಯಾದ ಮೇಲೆ ಹಾಲು ಕುಡಿಸೋಕೂ ಬರೋದಿಲ್ಲ. ಭುಜಕ್ಕೆ ನಿಮ್ಮ ಅಳತೆಯದೇ ಇರಲಿ, ಹಿಗ್ಗುವ ಕೆಲಸ ಎರಡೂ ಬದಿಯ ಪಟ್ಟಿಗೆ ಬಿಡಿ.

ಮೊದಲು ಆ ಪಟ್ಟಿ ನೋಡಿ. ಲೇಬಲ್‌ನಲ್ಲಿ ಕಾಟನ್ ಜೊತೆ ಶೇ 5ರಷ್ಟು ಸ್ಪ್ಯಾಂಡೆಕ್ಸ್ ಇದ್ದರೆ ಒಳ್ಳೆಯದು. ಬರೀ ಕಾಟನ್ ಹೆಣಿಗೆ ಬಟ್ಟೆ ಹಿಗ್ಗುತ್ತದೆ, ಆದರೆ ಸರಿಯಾಗಿ ವಾಪಸ್ ಬರುವುದಿಲ್ಲ. ಅಡ್ಡಕ್ಕೆ ನಾಲ್ಕು ಇಂಚು ಹಿಡಿದು ಆರು ಇಂಚಿಗೆ ಎಳೆಯಿರಿ, ಹತ್ತು ಎಣಿಸಿ ಬಿಡಿ. ಅಂಚು ಅಲೆಅಲೆಯಾಗಿ ಉಳಿದರೆ ಬೇಡ. ಎಳೆಯುವಾಗ ಹೊಲಿಗೆ ಚಟಪಟ ಅಂದರೂ ಬೇಡ, ಅದು ನೇರ ಹೊಲಿಗೆ, ಬೇಗ ಬಿಚ್ಚಿಕೊಳ್ಳುತ್ತದೆ.

ಜುಲೈಯಲ್ಲಿ ಹೆರಿಗೆ, ತೀರ್ಥಹಳ್ಳಿಯ ತವರಲ್ಲಿ ಬಾಣಂತನ ಅಂದುಕೊಳ್ಳಿ. ಬಟ್ಟೆ ಕೊಳ್ಳುವುದು ಮಾರ್ಚ್‌ನಲ್ಲಿ. ಬದಿಗೆ ನಾಲ್ಕು ಇಂಚಿನ ಪಟ್ಟಿ ಇದ್ದರೆ ಎರಡೂ ಸೇರಿ ಸಿಗುವುದು ಹೆಚ್ಚೆಂದರೆ ನಾಲ್ಕು ಇಂಚು. ಹಾಗಾಗಿ ಆಗ ಹಾಕಿ ನೋಡಿದಾಗ ಪಟ್ಟಿ ಸಡಿಲವಾಗೇ ಇರಬೇಕು. ಮಾರ್ಚ್‌ನಲ್ಲೇ ಹಿಗ್ಗಿದ್ದರೆ ಜೂನ್‌ಗೆ ಏನು ಉಳಿಯುತ್ತೆ?

ಆಮೇಲೆ ಜಿಪ್. ಎದೆಯ ಎರಡೂ ಕಡೆ ಹೊಲಿಗೆಯಲ್ಲಿ ಅಡಗಿದ, ಏಳೆಂಟು ಇಂಚಿನ ನೈಲಾನ್ ಜಿಪ್ ಇರಲಿ. ಲೋಹದ್ದಾದರೆ ಮಗುವಿನ ಕೆನ್ನೆಗೆ ಒತ್ತುತ್ತದೆ. ಮಗು ಒಂದು ಕೈಯಲ್ಲಿರುತ್ತದೆ ಅಲ್ವಾ? ಅಂಗಡಿಯಲ್ಲೇ ಒಂದೇ ಕೈಯಲ್ಲಿ ಎಳೆದು ನೋಡಿ. ಒಳಗೆ ಬಟ್ಟೆಯ ಅಸ್ತರ ಇಲ್ಲದಿದ್ದರೆ ಜಿಪ್ಪಿನ ಹಲ್ಲು ಮೈ ಗೀರುತ್ತದೆ. ಎದೆ ಇನ್ನೂ ತುಂಬುತ್ತದೆ, ಅಲ್ಲಿ ಎರಡು ಇಂಚು ಸಡಿಲ ಬಿಡಿ.

ಪ್ಯಾಂಟಿಗೆ ಹೊಟ್ಟೆ ಪೂರ್ತಿ ಮುಚ್ಚುವ, ಬೇಕೆಂದಾಗ ಮಡಚುವ ಪಟ್ಟಿಯದು ವಾಸಿ. ಹೊಟ್ಟೆಯ ಕೆಳಗೆ ಕೂರುವ ಬಿಗಿ ಎಲಾಸ್ಟಿಕ್ ಸಿಸೇರಿಯನ್ ಆದರೆ ಗಾಯದ ಮೇಲೇ ಬರುತ್ತದೆ. ಮೇಲಕ್ಕೆ ಎಳೆದುಕೊಳ್ಳುವ ಪಟ್ಟಿಗೂ ಮುಂದೆ ಪ್ಯಾಂಟಿನ ಜೊತೆ ಸೇರುವ ಜಾಗದಲ್ಲಿ ದಪ್ಪ ಹೊಲಿಗೆ ಇದೆಯಾ ಅಂತ ಬೆರಳಾಡಿಸಿ ನೋಡಿ.

ಮಲೆನಾಡಿನಲ್ಲಿ ಇಂಥ ಬಟ್ಟೆ ಹಾಳಾಗುವುದು ಜಾಸ್ತಿ ಒಣಗಿಸುವಾಗ. ಜಡಿಮಳೆಯಲ್ಲಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿಬಿಡುತ್ತೇವೆ. ಸ್ಪ್ಯಾಂಡೆಕ್ಸ್‌ಗೆ ಕಾವು ಆಗದು, ದಿನಾ ಶಾಖ ತಾಗಿದರೆ ಪಟ್ಟಿ ಸೋತು ಜೋತುಬೀಳುತ್ತದೆ. ಒಗೆದ ಮೇಲೆ ಹಿಂಡಬೇಡಿ, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರಡಿ. ಪಟ್ಟಿಯ ಹೊಲಿಗೆ ಕೊನೆಗೆ ಒಣಗುವುದರಿಂದ ಮುಟ್ಟಿ ನೋಡಬೇಕಾದ್ದು ಅಲ್ಲೇ. ಮಗು ಹಾಲು ಕಕ್ಕುವ ದಿನಗಳವು, ಮೂರ್ನಾಲ್ಕು ಜೊತೆಯಾದರೂ ಬೇಕು. ಪಟ್ಟಿ ಸೋತರೆ ಕುರ್ತಿ ಎಸೆಯಬೇಡಿ. ಅಗಲಕ್ಕೆ ಹಿಗ್ಗುವ ಹೊಸ ರಿಬ್ ಬಟ್ಟೆಯನ್ನು ಟೈಲರ್‌ಗೆ ಕೊಟ್ಟು ಪಟ್ಟಿ ಬದಲಿಸಿ. ಜಿಗ್‌ಜಾಗ್ ಹೊಲಿಗೆಯನ್ನೇ ಹಾಕಿಸಿ.