ಬಟವಾಡೆ ವಾಪಸ್ ಬಂದಾಗ ಹೊಸ ಖಾತೆ ಬೇಡ, ಹಳೇದನ್ನೇ ಎಬ್ಬಿಸಿ: ಹಾಲಿನ ಸಂಘದಲ್ಲಿ ನಮ್ಮ ಅನುಭವ

ಹಸು ಮಾರಿ ಡೈರಿ ಬಿಟ್ಟಿದ್ದ ಸದಸ್ಯರು ಎರಡು ಮೂರು ವರ್ಷದ ಮೇಲೆ ಮತ್ತೆ ಹಾಲು ಹಾಕಲು ಶುರು ಮಾಡಿದಾಗ ಈ ತಲೆನೋವು ಖಂಡಿತ. ಮೊದಲ ವಾರದ ಬಟವಾಡೆ ಹೋಗುತ್ತದೆ, ಸಂಜೆಯೊಳಗೆ ಅಷ್ಟೇ ಮೊತ್ತ ಸಂಘದ ಖಾತೆಗೆ ತಿರುಗಿ ಬರುತ್ತದೆ. ಎಲ್ಲರೂ ಕೊಡುವ ಸಲಹೆ ಒಂದೇ: "ಬೇರೆ ಖಾತೆ ಮಾಡಿಸಿಬಿಡಿ ಸಾರ್, ಡಾರ್ಮೆಂಟ್ ಆದ ಖಾತೆ ಏಳಲ್ಲ." ಏಳುತ್ತದೆ. ನಮ್ಮ ಸಂಘದಲ್ಲಿ ಒಂದು ಡಜನ್‌ಗೂ ಹೆಚ್ಚು ಖಾತೆ ಎಬ್ಬಿಸಿದ್ದೇವೆ.

ವಾಪಸ್ ಬಂದದ್ದೆಲ್ಲ ಡಾರ್ಮೆಂಟ್ ಅಲ್ಲ, ಮೊದಲು ಸ್ಟೇಟ್‌ಮೆಂಟಿನಲ್ಲಿ ಕಾರಣ ಓದಿ. ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ನೋಡಿ SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಹಾಕಿದ್ದರೆ ತಪ್ಪು ಅಲ್ಲೇ ಇದೆ. ಅದು ಕೆನರಾ ಜೊತೆ ಸೇರಿದ್ದು 2020ರಲ್ಲಿ, ಹಳೇ ಕೋಡ್ ನಿಂತದ್ದು 2021ರಲ್ಲಿ. ವಿಜಯಾ ಬ್ಯಾಂಕಿನ VIJB ಕೋಡಿಗೂ ಇದೇ ಗತಿ. ಕಾರಣ 'ಇನ್‌ಆಪರೇಟಿವ್' ಅಥವಾ 'ಡಾರ್ಮೆಂಟ್' ಎಂದಿದ್ದರೆ ಮಾತ್ರ ಮುಂದಿನದು ಓದಿ.

ಎರಡು ವರ್ಷ ಮೀರಿ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ಆಗದಿದ್ದರೆ ಖಾತೆ ಈ ಪಟ್ಟಿಗೆ ಹೋಗುತ್ತದೆ. "ಬಡ್ಡಿ ಬರ್ತಾನೇ ಇದೆಯಲ್ಲ" ಎಂದು ಸದಸ್ಯರು ವಾದ ಮಾಡುತ್ತಾರೆ. ಬ್ಯಾಂಕೇ ಹಾಕುವ ಬಡ್ಡಿ, ಬ್ಯಾಂಕೇ ಕಡಿಯುವ ಎಸ್‌ಎಂಎಸ್ ಚಾರ್ಜು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಕೆಲವು ಬ್ಯಾಂಕು ಜಮೆಯನ್ನೇ ತಳ್ಳುತ್ತವೆ, ಕೆಲವು ಜಮೆ ತಗೊಂಡು ತೆಗೆಯಲು ಬಿಡುವುದಿಲ್ಲ. ಎರಡನೆಯದೇ ಹೆಚ್ಚು ತೊಂದರೆ, ನಮ್ಮ ಕಡೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ಹೊಸ ಖಾತೆ ಯಾಕೆ ಬೇಡ ಅಂದರೆ, ನಾವು ಒಬ್ಬರಿಗೆ ಅದನ್ನೂ ಮಾಡಿಸಿ ನೋಡಿದ್ದೇವೆ. ಹೊಸ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆದ ಕೂಡಲೇ ಸರ್ಕಾರದಿಂದ ಬರುವುದೆಲ್ಲ ಅಲ್ಲಿಗೇ ತಿರುಗಿತು: ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನವೂ, ಪಿಎಂ ಕಿಸಾನ್ ಕಂತೂ. ಕಂತು ಬರಲಿಲ್ಲವೆಂದು ಮನೆಯವರು ಹಳೇ ಬ್ಯಾಂಕಿಗೆ ಅಲೆದದ್ದೇ ಅಲೆದದ್ದು.

ಎಬ್ಬಿಸುವ ಕ್ರಮ ಹೀಗೆ. ಖಾತೆದಾರರೇ ಬರಬೇಕು. ಪಾಸ್‌ಬುಕ್, ಆಧಾರ್ ಅಸಲು ಮತ್ತು ಜೆರಾಕ್ಸ್, ಪ್ಯಾನ್ ಅಥವಾ ಫಾರಂ 60, ಎರಡು ಫೋಟೋ. ಬ್ಯಾಂಕಿನ ಕೆವೈಸಿ ಫಾರಂ ಜೊತೆಗೆ "ಖಾತೆ ಚಾಲ್ತಿ ಮಾಡಿಕೊಡಿ" ಎಂಬ ಒಂದು ಅರ್ಜಿ ಬೇರೆಯಾಗಿ ಕೊಡಿ. ಎರಡೂ ಒಂದೇ ಕೆಲಸ ಎಂದುಕೊಂಡು ಕೆವೈಸಿ ಮಾತ್ರ ಏರಿಸಿ ಬಿಟ್ಟರೆ ಡಾರ್ಮೆಂಟ್ ಗುರುತು ಹಾಗೇ ಉಳಿಯುವುದುಂಟು. ಹೋಮ್ ಬ್ರಾಂಚಿಗೇ ಹೋಗಿ ಎಂದರೆ ಒಪ್ಪಬೇಡಿ: 2024ರ ಏಪ್ರಿಲ್ 1ರಿಂದ ಜಾರಿಯಾದ ಆರ್‌ಬಿಐ ನಿಯಮದಂತೆ ಯಾವ ಶಾಖೆಯಲ್ಲಾದರೂ ಕೆವೈಸಿ ಏರಿಸಬಹುದು, ಚಾಲ್ತಿ ಮಾಡಲು ಶುಲ್ಕವಿಲ್ಲ, ಪೂರ್ತಿ ಅರ್ಜಿ ಕೊಟ್ಟ ಮೂರು ಕೆಲಸದ ದಿನದೊಳಗೆ ಮುಗಿಸಬೇಕು. ಅದಕ್ಕೇ ಅರ್ಜಿಯ ಪ್ರತಿಗೆ ತಾರೀಕಿನ ಸೀಲು ಹಾಕಿಸಿಕೊಳ್ಳಿ. ನಮ್ಮಲ್ಲಿ ಒಂದು ಶಾಖೆ ನೂರಿನ್ನೂರು ಕೇಳಿತ್ತು; ಸೀಲಿನ ಪ್ರತಿ ಕಂಡ ಮೇಲೆ ಮಾತು ನಿಂತಿತು. ಯಾವ ಹೊತ್ತಿಗೆ ಯಾರ ಕೌಂಟರಿಗೆ ಹೋದರೆ ಅಂದೇ ಕೆಲಸ ಆಗುತ್ತದೆ ಎಂಬುದು ನಮ್ಮ ಹತ್ತಿರವೇ ಇರಲಿ.

'ಆಯ್ತು' ಎಂದ ಮಾತು ನಂಬಿ ಪೂರ್ತಿ ಬಿಲ್ಲು ಕಳಿಸಬೇಡಿ. ಅಲ್ಲೇ 100 ರೂಪಾಯಿ ತೆಗೆಸಿ, ಮತ್ತೆ ಕಟ್ಟಿಸಿ. ಎರಡು ವರ್ಷದ ಲೆಕ್ಕ ಅಂದಿನಿಂದ ಹೊಸದಾಗಿ ಶುರು. ಸಂಘದಿಂದ ಒಂದು ರೂಪಾಯಿ ನೆಫ್ಟ್ ಮಾಡಿ. ಜಮೆ ಆಗದ ನೆಫ್ಟ್ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ತಿರುಗಿ ಬರಬೇಕು, ಹಾಗಾಗಿ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಗೊತ್ತಾಗುತ್ತದೆ. ಉಳಿದರೆ ಬಾಕಿ ಬಟವಾಡೆ ಕಳಿಸಿ.

ಪ್ರೋತ್ಸಾಹಧನದ ದಾರಿ ಬೇರೆ, ಎಡವುವುದು ಇಲ್ಲೇ. myaadhaar.uidai.gov.in ನಲ್ಲಿ Bank Seeding Status ನೋಡಿದರೆ Active ಎಂದೇ ಇರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ. ಆಧಾರ್ ಮೇಲೆ ಬರುವ ದುಡ್ಡಿಗೆ ದಾರಿ ತೋರಿಸುವ ಎನ್‌ಪಿಸಿಐ ಮ್ಯಾಪರಿಗೆ ಗೊತ್ತಿರುವುದು ಯಾವ ಬ್ಯಾಂಕು ಎಂದಷ್ಟೇ, ಖಾತೆ ನಂಬರ್ ಅಲ್ಲ. ಆ ಬ್ಯಾಂಕಿನೊಳಗೆ ಆಧಾರ್ ಯಾವ ಖಾತೆಗೆ ಅಂಟಿದೆ ಎಂಬುದು ಬ್ಯಾಂಕಿನ ಕಂಪ್ಯೂಟರಿನಲ್ಲಿದೆ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಯಿದ್ದ ಸದಸ್ಯರೊಬ್ಬರದು ಸತ್ತ ಖಾತೆಗೇ ಅಂಟಿತ್ತು. ದಿನಕ್ಕೆ ಎಂಟು ಲೀಟರ್, ತಿಂಗಳಿಗೆ ಸುಮಾರು 1,200 ರೂಪಾಯಿ ಹೀಗೆ ನಿಂತಿತ್ತು. "ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆ, ಕೊನೆಯ ನಾಲ್ಕು ಅಂಕಿ ಹೇಳಿ" ಎಂದು ಕೌಂಟರಿನಲ್ಲಿ ಕೇಳಿ ಬರೆದುಕೊಂಡ ಮೇಲೆ ಬಗೆಹರಿಯಿತು.

ವಾಪಸ್ ಹೋದ ಹಳೇ ಪ್ರೋತ್ಸಾಹಧನ ಸಂಘಕ್ಕೆ ಬರುವುದಿಲ್ಲ, ಇಲಾಖೆಯ ಕಡೆಗೆ ಹೋಗುತ್ತದೆ. ಖಾತೆ ಎದ್ದ ಮಾತ್ರಕ್ಕೆ ತಾನಾಗಿ ಬರುತ್ತದೆಂದು ಕೂರಬೇಡಿ. ಸದಸ್ಯರ ನಂಬರು, ತಿಂಗಳು, ಲೀಟರ್ ಬರೆದು ಒಕ್ಕೂಟದ ವಿಸ್ತರಣಾಧಿಕಾರಿ ಕೈಗೆ ಪಟ್ಟಿ ಕೊಡಿ, ಒಂದು ಪ್ರತಿ ಸಂಘದಲ್ಲಿಡಿ.